“ಆರಾಮ ಅದೀವಿ” ಅಂದ ಮೇಲೆ ಏನು ಕೇಳೋದು?

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಈ ಮಾತುಕತೆ ನಾಲ್ಕೈದು ಸಲ ಕಿವಿಗೆ ಬೀಳುತ್ತದೆ.

“ಏನ್ರಿ ಮಾಮಾ, ಆರಾಮ ಅದೀರಿ?”

“ಆರಾಮ. ನೀವು?”

“ನಾವೂ ಆರಾಮ. ಮನ್ಯಾಗ ಎಲ್ಲಾರೂ?”

“ಎಲ್ಲಾರೂ ಆರಾಮ. ಮತ್ತ?”

“ಮತ್ತೇನಿಲ್ಲ. ಬರ್ತೀನ್ರಿ, ಬಸ್ ಬಂತು.”

ಇದರಲ್ಲಿ ತಪ್ಪೇನೂ ಇಲ್ಲ. ನಿನ್ನನ್ನು ನೋಡಿದೆ, ಗುರುತು ಹಿಡಿದೆ, ನಮ್ಮಿಬ್ಬರ ನಡುವೆ ಏನೂ ಕೆಟ್ಟಿಲ್ಲ ಅಂತ ಹೇಳುವ ಕೆಲಸ ಇದು. ಅಷ್ಟಕ್ಕೆ ಐದು ಸಾಲು ಸಾಕು. ಆದರೆ ಕೆಲವು ಸಲ ನಮಗೆ ಅಷ್ಟು ಸಾಲುವುದಿಲ್ಲ. ಎದುರಿಗಿರುವವರು ನಮ್ಮವರು, ಏನೋ ಸರಿ ಇಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. ಬಾಯಿ ಮಾತ್ರ “ಆರಾಮ” ಅನ್ನುತ್ತದೆ. ಆಗ ಮುಂದಿನ ಪ್ರಶ್ನೆ ಯಾವುದು ಅನ್ನುವುದರ ಬಗ್ಗೆ ನಾವು ಬರೆಯುತ್ತಿದ್ದೇವೆ. ಇದನ್ನು ನಾವು ಕಲಿತದ್ದು ಪತ್ರಿಕೋದ್ಯಮದ ಕ್ಲಾಸಿನಲ್ಲಿ ಅಲ್ಲ. ಅಲ್ಲಿ ಕಲಿತದ್ದನ್ನು ಊರಲ್ಲಿ ಹಚ್ಚಲು ಹೋಗಿ, ಒಬ್ಬ ಕಾಕಾನ ಮುಂದೆ ಮುಖಭಂಗ ಆದ ಮೇಲೆ ಕಲಿತದ್ದು.

ನಮ್ಮಲ್ಲೊಬ್ಬನ ಊರು ಮುದ್ದೇಬಿಹಾಳ ತಾಲೂಕಿನಲ್ಲಿದೆ. ಅವನ ಮನೆಯ ಹತ್ತಿರ ಹನುಮಪ್ಪನ ಗುಡಿ, ಗುಡಿಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಸಂಜೆ ಹೊತ್ತು ಒಬ್ಬ ಕಾಕಾ. ಡಿಗ್ರಿ ಮುಗಿಸಿ ಊರಿಗೆ ಬಂದವನು ಒಂದು ಸಂಜೆ ಆ ಕಾಕಾನ ಪಕ್ಕ ಕೂತ. ಬೆಳೆ ಹಾಳಾಗಿದೆ ಅಂತ ಊರಲ್ಲಿ ಸುದ್ದಿ ಇತ್ತು. ನಮಸ್ಕಾರ ಆಯಿತು, ಆರಾಮ ಆಯಿತು. ಆಮೇಲೆ ಇವನು ಶುರು ಮಾಡಿದ. ಎಷ್ಟು ಎಕರೆ? ಏನು ಬಿತ್ತಿದ್ರಿ? ಖರ್ಚು ಎಷ್ಟು ಬಂತು? ಎಷ್ಟು ಲುಕ್ಸಾನ ಆಯಿತು? ವಿಮೆ ಯಾಕ ತುಂಬಲಿಲ್ಲ?

ಕಾಕಾ ಪ್ರತಿಯೊಂದಕ್ಕೂ ಒಂದೊಂದೇ ಶಬ್ದದಲ್ಲಿ ಉತ್ತರ ಕೊಟ್ಟರು. ಕೊನೆಯದಕ್ಕೆ ಕೊಡಲಿಲ್ಲ. ಟವೆಲ್ ಝಾಡಿಸಿ ಎದ್ದು, “ಏನ್ ತಮ್ಮಾ, ಪೇಪರಿನ್ಯಾಗ ಹಾಕಾಂವ ಅದಿಯೇನು?” ಅಂದು ಮನೆಗೆ ನಡೆದರು.

ಪ್ರಶ್ನೆಗಳು ಸುಳ್ಳಲ್ಲ, ಉದ್ದೇಶವೂ ಕೆಟ್ಟದ್ದಲ್ಲ. ಹಾಗಿದ್ದರೂ ಕಾಕಾ ಎದ್ದು ಹೋದದ್ದೇಕೆ ಅಂತ ನಾವು ನಾಲ್ಕು ಜನ ಕೂತು ವಿಚಾರ ಮಾಡಿದೆವು. ಕಾರಣ ಬಹಳ ಸರಳವಾಗಿತ್ತು. ಆ ಐದೂ ಪ್ರಶ್ನೆಗಳು ನಮ್ಮವನ ತಲೆಯಲ್ಲಿ ಮೊದಲೇ ತಯಾರಾಗಿದ್ದವು. ಕಾಕಾ ಏನು ಉತ್ತರ ಕೊಟ್ಟಿದ್ದರೂ ಮುಂದಿನ ಪ್ರಶ್ನೆ ಅದೇ ಆಗಿರುತ್ತಿತ್ತು. ಹಾಗಾದರೆ ಅವರ ಉತ್ತರಕ್ಕೆ ಬೆಲೆ ಏನು? ಸರ್ವೆ ಮಾಡಲು ಬಂದವರು ಫಾರ್ಮ್ ತುಂಬಿಸಿಕೊಂಡ ಹಾಗೆ ಆಯಿತು. ಮಾತಾಡುವಾಗ ಮುಂದಿನ ಪ್ರಶ್ನೆ ಹುಟ್ಟಬೇಕಾದದ್ದು ಎದುರಿನವರು ಈಗ ತಾನೇ ಆಡಿದ ಮಾತಿನಿಂದ.

ಒಂದು ತಿಂಗಳ ನಂತರ ಅದೇ ಕಟ್ಟೆಯಲ್ಲಿ ಅದೇ ಇಬ್ಬರ ನಡುವೆ ಇನ್ನೊಂದು ಮಾತುಕತೆ ನಡೆಯಿತು. ನೆನಪಿದ್ದಷ್ಟು ಹಾಗೇ ಕೊಡುತ್ತೇವೆ. ಬರೆಯಬಹುದೇ ಅಂತ ಕಾಕಾನನ್ನು ಕೇಳಿದ್ದೇವೆ. “ಊರ ಹೆಸರು ಬ್ಯಾಡ” ಅಂದರು, ಹಾಕಿಲ್ಲ.

“ಆರಾಮ ಅದೀರೇನ್ರಿ ಕಾಕಾ?”

“ಆರಾಮ. ಈ ಸಲ ತೊಗರಿ ಒಂದು ಬಿಟ್ರ.”

ಇಲ್ಲಿ ಸ್ವಲ್ಪ ನಿಲ್ಲಿ. “ಆರಾಮ” ಅನ್ನುವುದು ಎಲ್ಲರೂ ಕೊಡುವ ಉತ್ತರ. ಅದರ ಹಿಂದೆ ಬಂದ ಬಾಲ ಮಾತ್ರ ಕಾಕಾನ ಸ್ವಂತದ್ದು. ನಮ್ಮ ಕಡೆ ಈ ಬಾಲಕ್ಕೆ ಬಹಳ ರೂಪ ಇವೆ. “ಆರಾಮ, ನಡದೈತಿ ನೋಡು.” “ಆರಾಮ, ಇದ್ದದ್ರಾಗ.” “ಆರಾಮ ಅನ್ನಬೇಕಲ್ಲ.” ಮಾತಿನ ಬಾಲ ಇಲ್ಲದಿದ್ದರೂ “ಆರಾ...ಮ” ಅಂತ ಎಳೆಯುತ್ತಾರೆ, ಇಲ್ಲವೆ ಹೇಳುವ ಮೊದಲು ಒಂದು ಉಸಿರು ಬಿಡುತ್ತಾರೆ. ಅಮೆರಿಕದಲ್ಲಿ ಜನರ ದಿನನಿತ್ಯದ ಮಾತನ್ನೇ ಅಧ್ಯಯನ ಮಾಡಿದ ಹಾರ್ವೀ ಸ್ಯಾಕ್ಸ್ ಅನ್ನುವವರಿದ್ದರು. “ಹೇಗಿದ್ದೀರಿ” ಅಂದರೆ ಎಲ್ಲರೂ ಸುಳ್ಳು ಹೇಳಲೇಬೇಕಾಗುತ್ತದೆ ಅಂತ 1975ರಲ್ಲಿ ಒಂದು ಲೇಖನ ಬರೆದರು. ಅವರು ಕೊಟ್ಟ ಕಾರಣ ನಮ್ಮ ಬಸ್ ಸ್ಟ್ಯಾಂಡಿಗೂ ಹೊಂದುತ್ತದೆ. “ಆರಾಮಿಲ್ಲ” ಅಂದರೆ ಎದುರಿನವರು “ಏನಾತು” ಅನ್ನಲೇಬೇಕು, ಆಮೇಲೆ ಹೇಳಲೇಬೇಕು. ಎಲ್ಲವನ್ನೂ ಎಲ್ಲರಿಗೂ ಹೇಳಲು ಬರುವುದಿಲ್ಲ. ಅದಕ್ಕೇ ಆರಾಮ ಅಂದುಬಿಡುತ್ತೇವೆ. ಬಾಲ ಬಿಡುವವರು ಮಾತ್ರ ಪೂರ್ತಿ ಮುಚ್ಚಿಲ್ಲ. ನೀ ಬೇಕಾದರೆ ಕೇಳು, ಬೇಡಾದರೆ ಬಿಡು ಅನ್ನುವ ಹಾಗೆ ಬಾಗಿಲು ಅರ್ಧ ತೆರೆದಿರುತ್ತಾರೆ.

ನಮ್ಮವನು ಈ ಸಲ ಅರ್ಥ ಮಾಡಿಕೊಂಡ. ದೊಡ್ಡ ಪ್ರಶ್ನೆ ಹಾಕದೆ ಅವರ ಶಬ್ದವನ್ನೇ ಅವರಿಗೆ ತಿರುಗಿ ಕೊಟ್ಟ.

“ತೊಗರಿ?”

“ಹೂಂ. ಹೂವು ಚಲೋ ಕಟ್ಟಿತ್ತು. ಆಮ್ಯಾಲ ನಿಂತಲ್ಲೇ ಒಣಗಾಕ ಹತ್ತಿತು.”

“ನಮ್ಮ ಸ್ವಾದರ ಮಾಮಾನ ಹೊಲದಾಗೂ ಹಂಗ ಆಗೈತ್ರಿ. ನಡುನಡುವ ಒಂದೊಂದು ಗಿಡ.”

ಇದು ಪ್ರಶ್ನೆಯೇ ಅಲ್ಲ, ನಮ್ಮ ಕಡೆಯ ಒಂದು ಸುದ್ದಿ. ಬರೀ ಕೇಳುತ್ತಲೇ ಇದ್ದರೆ ಒಬ್ಬ ಪೊಲೀಸ್, ಇನ್ನೊಬ್ಬ ಆರೋಪಿ ಆಗುತ್ತಾರೆ. ನಡುವೆ ನಮ್ಮದೂ ಒಂದು ಕೊಟ್ಟರೆ ಇಬ್ಬರೂ ರೈತರ ಮಕ್ಕಳಾಗಿ ಉಳಿಯುತ್ತೇವೆ. ಆದರೆ ಒಂದೇ ಸಾಲು ಸಾಕು. ನಮ್ಮ ಮಾಮಾನ ಹೊಲದ ಪೂರ್ತಿ ಪುರಾಣ ತೆಗೆದರೆ ಕಾಕಾನ ತೊಗರಿ ಅಲ್ಲೇ ಉಳಿಯುತ್ತದೆ.

“ನಮ್ದು ಒಂದೊಂದು ಅಲ್ಲ ತಮ್ಮಾ. ಬದುವಿನ ಕಡಿಂದ ಹಿಡದು ಅರ್ಧ ಹೊಲ ಹೋತು. ಹುಡುಗ ಇದ್ದಿದ್ರ ಮೊದಲ ನೋಡ್ತಿದ್ದ.”

ಈಗ ಎರಡು ದಾರಿ ಕಾಣುತ್ತವೆ. ಒಂದು ತೊಗರಿಯ ದಾರಿ. ಅದು ನೆಟೆ ರೋಗ, ಮಣ್ಣಿನಲ್ಲಿರುವ ಬೂಷ್ಟಿನಿಂದ ಬರುವಂಥದ್ದು, ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ, ಒಂದೇ ಹೊಲದಲ್ಲಿ ವರ್ಷ ವರ್ಷ ತೊಗರಿಯನ್ನೇ ಹಾಕಿದರೆ ಹೆಚ್ಚುತ್ತದೆ. ಇದೆಲ್ಲ ನಮ್ಮವನಿಗೆ ಗೊತ್ತಿತ್ತು, ಹೇಳುವ ಆಸೆಯೂ ಬಹಳ ಇತ್ತು. ಇನ್ನೊಂದು ಕೊನೆಯ ಮಾತಿನ ದಾರಿ: “ಹುಡುಗ ಇದ್ದಿದ್ರ.” ತೊಗರಿಯ ಬಗ್ಗೆ ಮಾತಾಡುತ್ತಿದ್ದವರು ಯಾರೂ ಕೇಳದೆ ಮಗನನ್ನು ಒಳಗೆ ತಂದರು. ಯಾರೂ ಕೇಳದಿದ್ದರೂ ತಾನಾಗಿ ಬಂದ ಹೆಸರು, ತಾನಾಗಿ ಬಂದ ಮನುಷ್ಯ, ಇದೇ ಹಿಡಿಯಬೇಕಾದ ಎಳೆ ಅಂತ ನಮಗೆ ಅನ್ನಿಸುತ್ತದೆ. ಬಹಳ ಮಾತು ಕೆಡುವುದು ಇಲ್ಲೇ. ಕೇಳುವವರಿಗೆ ಗೊತ್ತಿರುವ ವಿಷಯ ಬಂದ ಕೂಡಲೇ ಉಪದೇಶ ಶುರುವಾಗುತ್ತದೆ.

“ತಮ್ಮ ಈಗ ಗೋವಾದಾಗ ಅದಾನಲ್ಲ?”

“ಅದಾನ.”

ಇಬ್ಬರೂ ಸುಮ್ಮನೆ ಕೂತರು. ಒಬ್ಬರು ಎತ್ತು ಹೊಡೆದುಕೊಂಡು ಮುಂದಿನಿಂದ ಹೋದರು. ನಮ್ಮವನು ಬಾಯಿ ತೆರೆಯಲಿಲ್ಲ. ಅವನೇ ಹೇಳುವ ಪ್ರಕಾರ ಬಹಳ ಕಷ್ಟ ಆಯಿತಂತೆ.

“ದೀಪಾವಳಿಗೆ ಬರಲಿಲ್ಲ,” ಅಂದರು ಕಾಕಾ. “ಫೋನ್ ಮಾಡ್ತಾನ. ಅವರವ್ವಗ ಮಾಡ್ತಾನ.”

“ಅವ್ವಾರಿಗೆ ಏನ್ ಹೇಳ್ತಾನ್ರಿ?”

“ಅಪ್ಪ ಏನ್ ಮಾಡಾಕತ್ತಾನ ಅಂತ ಕೇಳ್ತಾನಂತ.”

ತೊಗರಿಯಿಂದ ಹೊರಟ ಮಾತು ಇಲ್ಲಿಗೆ ಬಂತು. ಅಪ್ಪ ಮಗ ಮಾತು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಊರಲ್ಲಿ ದಿನಾ ಹತ್ತಾರು ಜನ ಕಾಕಾನನ್ನು “ಆರಾಮ?” ಅಂತ ಕೇಳುತ್ತಿದ್ದರು. ಕಾಕಾ ದಿನಾ “ಆರಾಮ” ಅನ್ನುತ್ತಿದ್ದರು.

ನಮ್ಮವನು ಹಾಕಿದ ಪ್ರಶ್ನೆಗಳನ್ನು ಈಗ ಲೆಕ್ಕ ಹಾಕಿ ನೋಡಿ, ಮೂರೇ ಇವೆ. ಒಂದು ಬರೀ “ತೊಗರಿ?” ಇನ್ನೊಂದು ಉತ್ತರ ಮೊದಲೇ ಗೊತ್ತಿದ್ದದ್ದು, “ಹೌದು” ಅಂದರೆ ಸಾಕಾಗುವಂಥದ್ದು. ಮೂರನೆಯದು ನೇರವಾಗಿ ಕಾಕಾನ ಮೇಲೆ ಬೀಳುವುದಿಲ್ಲ, ಅವ್ವನ ಪಕ್ಕದಿಂದ ಬರುತ್ತದೆ. “ನಿಮ್ಮ ಕೂಡ ಯಾಕ ಮಾತಾಡೂದಿಲ್ಲ?” ಅಂತ ಕೇಳಬಹುದಿತ್ತು. ಕೇಳಿದ್ದರೆ ಟವೆಲ್ ಮತ್ತೆ ಝಾಡಿಸುತ್ತಿದ್ದರು ಅಂತ ನಮಗೆ ಖಾತ್ರಿ ಇದೆ.

ಈ “ಯಾಕ” ಅನ್ನುವ ಶಬ್ದದ ಬಗ್ಗೆ ಹೇಳಲೇಬೇಕು. ನಮ್ಮ ಮಾತಿನಲ್ಲಿ ಅದು ಕಾರಣ ಕೇಳುವುದಕ್ಕಿಂತ ಹೆಚ್ಚಾಗಿ ಬೈಯುವುದಕ್ಕೇ ಬಳಕೆಯಾಗುತ್ತದೆ. ಸಣ್ಣವರಿದ್ದಾಗಿನಿಂದ ಯಾಕ ತಡ ಮಾಡಿದಿ, ಯಾಕ ಬೀಳಿಸಿದಿ ಅಂತ ಕೇಳಿಸಿಕೊಂಡು ಬೆಳೆದವರು ನಾವು. ಹಾಗಾಗಿ “ಯಾಕ ಬಂದಿಲ್ಲ?” ಅಂದ ಕೂಡಲೇ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. “ಬರಾಕ ಆಗಲಿಲ್ಲೇನ್ರಿ?” ಅಂದರೆ ತಪ್ಪು ಅವರ ಮೇಲೆ ಬೀಳುವುದಿಲ್ಲ, ಕಾರಣ ತಾನಾಗಿ ಬರುತ್ತದೆ. ವಿಷಯ ಒಂದೇ, ಆದರೆ ಒಬ್ಬರು ಹೆಗಲ ಮೇಲೆ ಕೈ ಇಟ್ಟ ಹಾಗೆ, ಇನ್ನೊಬ್ಬರು ಕೊರಳಪಟ್ಟಿ ಹಿಡಿದ ಹಾಗೆ.

“ಎಷ್ಟು” ಕೂಡ ಅಂಥದ್ದೇ. ಇಂಡಿ ಕಡೆ ಲಿಂಬೆ ಬೆಳೆಯುವವರನ್ನು ಬಜಾರಿನಿಂದ ಬರುವಾಗ ಹಿಡಿದು “ಎಷ್ಟಕ್ಕ ಹೋತು?” ಅಂತ ಕೇಳಿ ನೋಡಿ. ನಿಜವಾದ ಲೆಕ್ಕ ಸಿಗುವುದು ಕಡಿಮೆ. ಹೆಚ್ಚು ಹೇಳಿದರೆ ಸಾಲ ಕೇಳಲು ಒಬ್ಬರು ಬರುತ್ತಾರೆ, ಕೊಟ್ಟ ಸಾಲ ವಾಪಸ್ ಕೇಳಲು ಇನ್ನೊಬ್ಬರು ಬರುತ್ತಾರೆ. ಕಡಿಮೆ ಹೇಳಿದರೆ ಮರ್ಯಾದೆ ಹೋಗುತ್ತದೆ. ಹಾಗಾಗಿ “ಏನೋ ಹೋತು ಬಿಡ್ರಿ” ಅನ್ನುತ್ತಾರೆ. “ಕಾಯಿ ಈ ಸಲ ಹೆಂಗ ಬಂದಾವ್ರಿ?” ಅಂತ ಕೇಳಿ. ಸಣ್ಣ ಬಂದಾವು ಅನ್ನುತ್ತಾರೆ. “ಸಣ್ಣ ಯಾಕ” ಅನ್ನಬೇಡಿ, “ನೀರು ಕಮ್ಮಿ ಆಗಿರಬೇಕು” ಅನ್ನಿ. ಅಲ್ಲಿಂದ ಬೋರ್‌ವೆಲ್, ಬೋರಿನಿಂದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿದ ಕಥೆ, ಅಲ್ಲಿಂದ ಬೇಸಿಗೆಯಲ್ಲಿ ದರ ಇದ್ದಾಗ ಕಾಯಿ ಇರುವುದಿಲ್ಲ, ಮಳೆಗಾಲದಲ್ಲಿ ಕಾಯಿ ಬಂದಾಗ ದರ ಇರುವುದಿಲ್ಲ ಅನ್ನುವ ಹಳೆಯ ನೋವು. ಎಷ್ಟಕ್ಕೆ ಹೋಯಿತು ಅನ್ನುವುದೂ ನಡುವೆ ಎಲ್ಲೋ ಬಂದೇ ಬರುತ್ತದೆ, ನಾವು ಕೇಳದೆ.

ಮೂರನೆಯ ಪ್ರಶ್ನೆ ನಮ್ಮನ್ನು ಹೆಚ್ಚು ಸಿಟ್ಟಿಗೆಬ್ಬಿಸುವಂಥದ್ದು. ಹೊಸಬರು ಸಿಕ್ಕ ಕೂಡಲೇ “ಯಾವೂರು?” ಆಗುತ್ತದೆ, “ಯಾರ ಮನಿಯವರು?” ಆಗುತ್ತದೆ, ಆಮೇಲೆ “ಅಂದ್ರ ಯಾವ ಪೈಕಿ?” ಬರುತ್ತದೆ. ಕೇಳುವವರು ಇದನ್ನು ಪರಿಚಯ ಅಂದುಕೊಳ್ಳುತ್ತಾರೆ. ಕೇಳಿಸಿಕೊಳ್ಳುವವರಿಗೆ ಇದು ಜಾತಿ ವಿಚಾರಣೆ ಅಂತ ಗೊತ್ತು. ನಮ್ಮಲ್ಲೇ ಒಬ್ಬಳು ಬಾಡಿಗೆ ಮನೆ ಹುಡುಕುವಾಗ ಈ ಮೂರು ಮೆಟ್ಟಿಲು ಎಷ್ಟು ಸಲ ಹತ್ತಿದ್ದಾಳೋ. ಮೂರನೆಯ ಮೆಟ್ಟಿಲಾದ ಮೇಲೆ ಎದುರಿನವರ ಮುಖ ಬದಲಾಗುವುದನ್ನೂ ನೋಡಿದ್ದಾಳೆ. ನಾವು ಬಸವನ ಬಾಗೇವಾಡಿಯ ಸುತ್ತಮುತ್ತಲಿನವರು. ಬಂದವರನ್ನು ಯಾರವರೆಂದು ಜಾಲಾಡದೆ ನಮ್ಮವರೆಂದು ತಿಳಿಯಬೇಕು ಅಂತ ಬಸವಣ್ಣ ವಚನದಲ್ಲಿ ಹೇಳಿದ್ದು ಇಲ್ಲಿನ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅವರದೇ ಇನ್ನೊಂದು ವಚನ ಮನೆಗೆ ಬಂದವರನ್ನು ಹೇಗೆ ಮಾತಾಡಿಸಬೇಕು ಅನ್ನುವುದರ ಬಗ್ಗೆಯೇ ಇದೆ. ಅದರಲ್ಲಿ ಮೊದಲು ಕ್ಷೇಮ ಕೇಳುವುದು, ಆಮೇಲೆ ಕೂಡ್ರಿಸುವುದು, ಆಮೇಲೆ ಜೊತೆಗೆ ಮಾತಾಡುವುದು. ಇಷ್ಟು ಮಾಡಿದರೆ ನಿಮ್ಮದೇನು ಕರಗಿ ಹೋಗುತ್ತದೆ ಅಂತ ಕೇಳುತ್ತಾರೆ. ಆ ಕ್ರಮದಲ್ಲಿ ಕುಲ ಕೇಳುವ ಜಾಗವೇ ಇಲ್ಲ. ಕೂಡ್ರಿಸುವುದು ಮಾತ್ರ ಇದೆ, ನಾವು ಅದನ್ನೇ ಮರೆಯುತ್ತೇವೆ. ನಿಂತವರನ್ನು ನಿಲ್ಲಿಸಿಕೊಂಡೇ ಹತ್ತು ಪ್ರಶ್ನೆ ಹಾಕುತ್ತೇವೆ.

ಪ್ರಶ್ನೆ ಹೀಗೆ ಚುಚ್ಚದ ಹಾಗೆ ಕೇಳುವುದು ನಮಗೆ ಹೊಸದೇನಲ್ಲ. ನಮ್ಮ ಮುತ್ಯಾ, ಆಯಿಯರು ಹೊರಟವರನ್ನು “ಎಲ್ಲಿಗಿ?” ಅಂತ ಕೇಳಲು ಬಿಡುತ್ತಿರಲಿಲ್ಲ. ಹೋದ ಕೆಲಸ ಆಗುವುದಿಲ್ಲ ಅನ್ನುವ ನಂಬಿಕೆ. “ದೂರ ಹೊಂಟ್ರೇನು?” ಅನ್ನು ಅಂತ ಕಲಿಸುತ್ತಿದ್ದರು. ಅಪಶಕುನದ ಮಾತು ಬೇಕಾದರೆ ಬಿಡಿ. ಆದರೆ ಆ ಎರಡು ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟು ನೋಡಿ. “ಎಲ್ಲಿಗಿ” ಅಂದರೆ ಊರ ಹೆಸರು ಹೇಳಲೇಬೇಕು, ಹೇಳದಿದ್ದರೆ ಮುಚ್ಚಿಟ್ಟ ಹಾಗೆ. “ದೂರೇನು” ಅಂದರೆ “ಹಿಂಗ ಇಲ್ಲೇ” ಅಂದು ದಾಟಿ ಹೋಗಬಹುದು, ಯಾರಿಗೂ ಬೇಜಾರಿಲ್ಲ. ಹೇಳಬೇಕು ಅನಿಸಿದವರು ನಿಂತು, “ವಿಜಾಪುರಕ್ಕ ಹೊಂಟೀನಪಾ, ನಿಮ್ಮ ಅತ್ತಿಗೆ ದವಾಖಾನ್ಯಾಗ ಇಟ್ಟಾರ” ಅನ್ನುತ್ತಾರೆ. ಹೇಳದೆ ಹೋಗಲೂ ದಾರಿ ಇರುವ ಪ್ರಶ್ನೆಗೇ ಜನ ನಿಂತು ಉತ್ತರ ಕೊಡುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು.

ಅದೇ ರೀತಿ “ಮತ್ತ?” ಮತ್ತು “ಆಮ್ಯಾಲ?” ನಡುವಿನ ವ್ಯತ್ಯಾಸ. “ಮತ್ತ?” ಅನ್ನುವುದು ಕೇಳಲು ಪ್ರಶ್ನೆ, ಕೆಲಸದಲ್ಲಿ ಬಾಗಿಲು ಹಾಕುವುದು. ನನ್ನ ಹತ್ತಿರ ಮಾತು ಮುಗಿದಿದೆ, ನಿನ್ನ ಹತ್ತಿರ ಏನಾದರೂ ಉಳಿದಿದ್ದರೆ ಬೇಗ ಹೇಳು ಅಂತ ಅದರ ಅರ್ಥ. ಅದಕ್ಕೇ “ಮತ್ತೇನಿಲ್ಲ” ಅನ್ನುವುದನ್ನು ಬಿಟ್ಟು ಬೇರೆ ಉತ್ತರ ಅದಕ್ಕೆ ಬರುವುದಿಲ್ಲ. “ಆಮ್ಯಾಲ?” ಅಂದರೆ ನೀನು ಹೇಳುತ್ತಿದ್ದದ್ದು ಇನ್ನೂ ಮುಗಿದಿಲ್ಲ, ನನಗೆ ಮುಂದಿನದ್ದು ಬೇಕು ಅಂತ. ದೂರದ ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಒಂದು ವಾರ “ಮತ್ತ” ಬಿಟ್ಟು “ಆಮ್ಯಾಲ” ಹಚ್ಚಿ ನೋಡಿ. ನಮ್ಮಲ್ಲೊಬ್ಬಳ ತಾಯಿ ಹಾಗೆ ಮಾಡಲು ಶುರು ಮಾಡಿದ ಮೇಲೆ ಎರಡು ನಿಮಿಷದ ಫೋನು ಇಪ್ಪತ್ತು ನಿಮಿಷ ಆಗಿದೆ. ರೀಚಾರ್ಜ್ ಹೆಚ್ಚು ಬೀಳುವ ಕಾಲದಲ್ಲಿ ಇದ್ದಿದ್ದರೆ ಬೈಸಿಕೊಳ್ಳುತ್ತಿದ್ದಳು.

ಟೀವಿಯಿಂದ ಬಂದ ಇನ್ನೊಂದು ಪ್ರಶ್ನೆ ಇದೆ, “ನಿಮಗೆ ಹೇಗನಿಸ್ತಾ ಇದೆ?” ಬಾಗೇವಾಡಿ ತಾಲೂಕಿನ ನಿಡಗುಂದಿ ಕಡೆ (ಈಗ ಅದೇ ಬೇರೆ ತಾಲೂಕು) ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ಬಹಳ ಮಂದಿ ಇದ್ದಾರೆ. ನಾವು ಕಲಿಯುವಾಗ ಅಲ್ಲಿನ ಒಬ್ಬ ಆಯಿಯನ್ನು “ಊರು ಮುಳುಗಿದಾಗ ಹೆಂಗ ಅನಿಸಿತ್ರಿ?” ಅಂತ ಕೇಳಿದ್ದೆವು. “ಏನ್ ಅನಿಸ್ತದೋ ಯಪ್ಪಾ, ಎಲ್ಲಾರಿಗೂ ಆದಂಗ ನಮಗೂ ಆತು” ಅಂದರು. ಮುಗಿಯಿತು. ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಅಕ್ಕಿ ಆರಿಸಲು ಆಯಿಯ ಪಕ್ಕ ಕೂತಳು. ಕೈಯಾಡಿಸುತ್ತಲೇ, “ಆಯಿ, ಹಳೀ ಮನಿ ಮುಂದ ಗಿಡ ಇತ್ತೇನಬೇ?” ಅಂದಳು. ಬೇವಿನ ಗಿಡ ಇತ್ತಂತೆ. ಅದಕ್ಕೆ ಜೋಕಾಲಿ ಕಟ್ಟುತ್ತಿದ್ದರಂತೆ ಪಂಚಮಿಗೆ. ಊರು ಬಿಡುವ ಮುನ್ನ ಗಿಡ ಕಡಿದು ಕಟ್ಟಿಗೆ ತಂದರಂತೆ, ಆ ಕಟ್ಟಿಗೆಯೇ ಹೊಸ ಮನೆಯ ಬಾಗಿಲ ಚೌಕಟ್ಟು. ಆಯಿ ಎದ್ದು ಹೋಗಿ ಚೌಕಟ್ಟು ಮುಟ್ಟಿ ತೋರಿಸಿದರು. ಹೇಗನಿಸಿತು ಅನ್ನುವುದನ್ನು ಆಮೇಲೆ ಕೇಳುವ ಅಗತ್ಯ ಬೀಳಲಿಲ್ಲ. ಮನಸ್ಸಿನೊಳಗಿನದನ್ನು ನೇರ ಕೇಳಿದರೆ ಶಬ್ದ ಸಿಗುವುದಿಲ್ಲ. ಗಿಡ, ಬಾಗಿಲು, ಎತ್ತು, ಬಾವಿ ಕೇಳಿದರೆ ಅವುಗಳ ಹಿಂದೆ ಉಳಿದದ್ದು ಬರುತ್ತದೆ.

ಆ ಅಕ್ಕ ಕೈಗೆ ಕೆಲಸ ತಗೊಂಡು ಪಕ್ಕದಲ್ಲಿ ಕೂತದ್ದೂ ಸುಮ್ಮನೆ ಅಲ್ಲ. ನಾವು ಎದುರಿಗೆ ಕೂತು, ಕೈಯಲ್ಲಿ ಪೆನ್ನು ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ದೆವು. ಹಿಂದೆ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ 1931ರಲ್ಲಿ “ಗರತಿಯ ಹಾಡು” ಪುಸ್ತಕ ತಂದರು. ಅವು ಹೆಚ್ಚಾಗಿ ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳು. ಗಂಡನ ಮನೆಯ ಕಷ್ಟ, ತವರಿನ ನೆನಪು, ಮಗುವಿನ ಆಸೆ, ಎದುರಿಗೆ ಕೂಡ್ರಿಸಿ ಕೇಳಿದ್ದರೆ ಆ ತಾಯಂದಿರು ಹೇಳುತ್ತಿದ್ದರು ಅಂತ ನಮಗನಿಸುವುದಿಲ್ಲ. ಕೈ ಕಲ್ಲಿನ ಮೇಲಿತ್ತು, ಕಣ್ಣು ಹಿಟ್ಟಿನ ಮೇಲಿತ್ತು, ಬಾಯಿಗೆ ಅವಕಾಶ ಸಿಕ್ಕಿತು. ಇವತ್ತು ಬೀಸುವ ಕಲ್ಲಿಲ್ಲ. ಆದರೆ ಶೇಂಗಾ ಸುಲಿಯುವುದಿದೆ, ರೊಟ್ಟಿ ಬಡಿಯುವುದಿದೆ, ಬೈಕಿನಲ್ಲಿ ಹಿಂದೆ ಕೂಡ್ರುವುದಿದೆ. ಅಪ್ಪ ಮಕ್ಕಳು ಮುಖ ನೋಡಿ ಆಡದ ಮಾತು ಬೈಕಿನ ಮೇಲೆ ಆಡಿದ್ದನ್ನು ನಮ್ಮಲ್ಲಿ ಇಬ್ಬರು ಅನುಭವಿಸಿದ್ದಾರೆ.

ಇಷ್ಟೆಲ್ಲ ಓದಿ ನಾಳೆಯಿಂದ ಸಿಕ್ಕಸಿಕ್ಕವರ ಬಾಲ ಹಿಡಿಯಬೇಡಿ ಅಂತಲೂ ಹೇಳುತ್ತೇವೆ. ಕೆಲವು ಕಡೆ ಕೇಳದಿರುವುದೇ ಒಳ್ಳೆಯದು. ಸಾವಿನ ಮನೆಯಲ್ಲಿ ಬಂದವರೆಲ್ಲ “ಹೆಂಗಾತು? ಎಷ್ಟು ಹೊತ್ತಿಗೆ? ಯಾವ ದವಾಖಾನಿಗೆ ಒಯ್ದಿದ್ರಿ?” ಅಂತ ಕೇಳಿ, ಆ ಮನೆಯವರು ಸತ್ತವರ ಕೊನೆಯ ರಾತ್ರಿಯನ್ನು ಒಂದೇ ದಿನದಲ್ಲಿ ಮೂವತ್ತು ಸಲ ಹೇಳುವುದನ್ನು ನಾವು ನೋಡಿದ್ದೇವೆ. ಕೇಳಿದ ಮೂವತ್ತು ಜನರಲ್ಲಿ ಅವರ ಬಾಯಿಗೆ ನೀರು ಬಿದ್ದಿದೆಯೋ ಇಲ್ಲವೋ ಅಂತ ನೋಡಿದವರು ಒಬ್ಬರೋ ಇಬ್ಬರೋ. ಹಾಗೇ ಹತ್ತು ಜನರ ಮುಂದೆ ಸೊಸೆಯನ್ನು “ಏನವಾ, ಸೊರಗಿದಿ?” ಅನ್ನುವುದು. ಆಕೆ ಅತ್ತೆಯ ಎದುರು ಏನು ಹೇಳಬೇಕು? ಉತ್ತರ ಹೇಳಿದರೆ ಆ ಮನೆಯಲ್ಲಿ ಆಮೇಲೆ ಏನಾಗುತ್ತದೆ ಅಂತ ಗೊತ್ತಿಲ್ಲದ ಕಡೆ ಪ್ರಶ್ನೆ ಹಾಕಬಾರದು. ನೀರಿಗೆ ಹೋದಾಗಲೋ ಹೊಲದಲ್ಲೋ ಒಬ್ಬಳೇ ಸಿಗುತ್ತಾಳೆ, ಆಗ ಇನ್ನೊಬ್ಬ ಹೆಣ್ಣುಮಗಳೇ ಕೇಳಲಿ.

ಸಾಕು ಅನ್ನುವ ಸನ್ನೆಯೂ ಕಾಣುತ್ತದೆ. ಉತ್ತರ ಎರಡು ಸಲ ಸಾಲುಸಾಲಾಗಿ ಒಂದೇ ಶಬ್ದದಲ್ಲಿ ಬಂದರೆ ಕೇಳುವುದು ನಿಲ್ಲಿಸಿ. “ಇರಲಿ ಬಿಡ್ರಿ” ಅಂದರೆ ಇರಲಿ ಬಿಡಿ. “ನಿಮ್ದ ಹೇಳ್ರಿ” ಅಂದರೆ ನಿಮ್ಮದು ಹೇಳಿ, ನಾಲ್ಕು ಮಾತು ನಿಜವಾಗಿಯೂ ಹೇಳಿ. ಹೇಳಿದ್ದನ್ನು ಮರುದಿನ ಕಟ್ಟೆಯ ಮೇಲೆ ಬೇರೆಯವರಿಗೆ ಹಂಚಿದರೆ ಮಾತ್ರ ಮುಂದೆ ನಿಮಗೆ ಜೀವಮಾನವಿಡೀ “ಆರಾಮ” ಅನ್ನುವುದೊಂದೇ ಸಿಗುತ್ತದೆ, ಅದೂ ಬಾಲ ಇಲ್ಲದ್ದು. ಸುದ್ದಿ ಬರೆಯುವುದನ್ನು ಕಲಿತ ನಮಗೆ ಈ ಚಪಲ ಉಳಿದವರಿಗಿಂತ ಹೆಚ್ಚು ಅನ್ನುವುದನ್ನು ಒಪ್ಪುತ್ತೇವೆ.

ಮುದ್ದೇಬಿಹಾಳದ ಕಾಕಾನ ಸುದ್ದಿ ಅರ್ಧಕ್ಕೆ ಬಿಟ್ಟಿದ್ದೆವು. ಆ ಸಂಜೆ ಮಗನ ಬಗ್ಗೆ ಅವರು ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಮ್ಮವನೂ ಕೇಳಲಿಲ್ಲ. ಏಳುವಾಗ ಕಾಕಾ, “ನಾಳಿ ಮುಂಜಾನೆ ಬಾ, ಹೊಲಕ್ಕ ಹೋಗೂನು” ಅಂದರು. ಮರುದಿನ ಹೊಲದಲ್ಲಿ ಒಣಗಿದ ತೊಗರಿ ಗಿಡ ಕಿತ್ತು, ಕುಡುಗೋಲಿನಿಂದ ಸೀಳಿ, ಒಳಗಿನ ಕಪ್ಪು ಗೆರೆ ತೋರಿಸಿದರು. ಮುಂದಿನ ವರ್ಷ ಈ ಅರ್ಧಕ್ಕೆ ಜೋಳ ಹಾಕುವುದು ಚಲೋ ಏನೋ ಅಂತ ಅವರೇ ಕೇಳಿದಾಗ ನಮ್ಮವನು ತನಗೆ ಗೊತ್ತಿದ್ದದ್ದನ್ನು ಹೇಳಿದ. ಗಿಡದ ಫೋಟೋ ತೆಗೆದ. “ತಮ್ಮಗ ಕಳಸ್ಲೇನ್ರಿ ಇದನ್ನ?” ಅಂದ. ಕಾಕಾ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಎರಡು ತಗೀ, ಗೆರಿ ಚಂದಂಗ ಕಾಣಲಿ” ಅಂದರು.

ಬದುವಿನ ಮೇಲೆ ವಾಪಸ್ ಬರುವಾಗ ಕಾಕಾನೇ ಶುರು ಮಾಡಿದರು.

“ಮತ್ತ ನೀ ಹೆಂಗದೀ ತಮ್ಮಾ?”

“ನಾನಾ? ಆರಾಮ ಅದೀನ್ರಿ ಕಾಕಾ. ಮನ್ಯಾಗ ಅದೀನಿ ಈಗ.”

“ಮನ್ಯಾಗ?”

ನೌಕರಿ ಸಿಕ್ಕಿಲ್ಲ ಅನ್ನುವುದನ್ನು ನಮ್ಮವನು ಅಪ್ಪನಿಗೂ ಸರಿಯಾಗಿ ಹೇಳಿರಲಿಲ್ಲ. ಅಗಸಿ ಬರುವವರೆಗೂ ಅವನೇ ಮಾತಾಡಿದ.